ಡೆಕ್ಸಾ ಸ್ಕ್ಯಾನ್ ರಿಪೋರ್ಟ್ ಓದುವುದು ಹೇಗೆ: ಎರಡು ರಿಪೋರ್ಟ್ ಅಕ್ಕಪಕ್ಕ ಇಟ್ಟುಕೊಂಡು

ಡೆಕ್ಸಾ ಅನ್ನುವುದು ದೇಹದಲ್ಲಿ ಕೊಬ್ಬು, ಮೂಳೆ, ಉಳಿದ ಭಾಗ ಎಷ್ಟೆಷ್ಟು ಇದೆ ಅಂತ ಎಕ್ಸ್-ರೇಯಿಂದ ಅಳೆಯುವ ಸ್ಕ್ಯಾನ್. ಅದರ ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ಲರ ಕಣ್ಣು ಮೊದಲು ಹೋಗುವುದು ಕೊಬ್ಬಿನ ಶೇಕಡಾ ಎಷ್ಟು ಅನ್ನುವುದರ ಮೇಲೆ. ಅದನ್ನು ನೋಡಿ ಖುಷಿಯೋ ಬೇಜಾರೋ ಪಟ್ಟು ಉಳಿದ ಪುಟಗಳನ್ನು ಮಡಚಿಡುತ್ತಾರೆ. ಆದರೆ ರಿಪೋರ್ಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ವಿಷಯ ಇರುವುದು ಕೆಜಿ ಲೆಕ್ಕದಲ್ಲಿ, ಕೈ, ಕಾಲು, ಮುಂಡ ಅಂತ ಭಾಗ ಮಾಡಿ ಕೊಟ್ಟಿರುವ ಪಟ್ಟಿಯಲ್ಲಿ. ಎರಡನೇ ಸಲ ಸ್ಕ್ಯಾನ್ ಮಾಡಿಸಿದಾಗಂತೂ ಆ ಪಟ್ಟಿ ಇಲ್ಲದೆ ಏನೂ ತಿಳಿಯುವುದಿಲ್ಲ.

ಹಾಗಾಗಿ ಒಂದು ಉದಾಹರಣೆ ಇಟ್ಟುಕೊಂಡೇ ಹೋಗೋಣ. ಲೆಕ್ಕಕ್ಕಾಗಿ ಮಾಡಿಕೊಂಡ ಉದಾಹರಣೆ ಇದು. 42 ವರ್ಷದ ಗಂಡಸು, ಎತ್ತರ 170 ಸೆಂ.ಮೀ. ಮೊದಲ ಸ್ಕ್ಯಾನಿನಲ್ಲಿ ಕೊಬ್ಬು 24.0 ಕೆಜಿ, ಕೊಬ್ಬೂ ಮೂಳೆಯ ಖನಿಜವೂ ಅಲ್ಲದ ಉಳಿದ ಭಾಗ ಅಂದರೆ ಲೀನ್ ಮಾಸ್ 51.2 ಕೆಜಿ, ಮೂಳೆಯ ಖನಿಜ 2.8 ಕೆಜಿ, ಒಟ್ಟು 78.0 ಕೆಜಿ. ಊಟ ಹಿಡಿತಕ್ಕೆ ತಂದು, ವ್ಯಾಯಾಮ ಶುರು ಮಾಡಿ, ಐದು ತಿಂಗಳ ನಂತರ ಮತ್ತೆ ಸ್ಕ್ಯಾನ್. ಈಗ ಕೊಬ್ಬು 20.6, ಲೀನ್ 50.2, ಮೂಳೆ 2.8, ಒಟ್ಟು 73.6. ಅವರಿಗೆ ಬರುವ ಮೊದಲ ಪ್ರಶ್ನೆ ಇದು: "ಒಂದು ಕೆಜಿ ಸ್ನಾಯು ಕಳೆದುಕೊಂಡೆನಾ?" ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ರಿಪೋರ್ಟ್ ಓದುವುದು ತಾನಾಗೇ ಬರುತ್ತದೆ.

ಮೊದಲು ಚಿತ್ರ ನೋಡಿ, ಅಂಕಿ ಆಮೇಲೆ

ರಿಪೋರ್ಟಿನಲ್ಲಿ ನಿಮ್ಮ ದೇಹದ ಚಿತ್ರ ಇರುತ್ತದೆ, ಅದರ ಮೇಲೆ ಗೆರೆಗಳಿರುತ್ತವೆ. ಆ ಗೆರೆಗಳೇ ದೇಹವನ್ನು ತಲೆ, ಕೈ, ಮುಂಡ, ಕಾಲು ಅಂತ ಭಾಗ ಮಾಡುವುದು. ಸಾಫ್ಟ್‌ವೇರ್ ತಾನೇ ಹಾಕುತ್ತದೆ, ಟೆಕ್ನಿಷಿಯನ್ ಸರಿಪಡಿಸಬೇಕು. ಕೈಯ ಗೆರೆ ಭುಜದ ಕೀಲಿನ ಮೂಲಕ ಹೋಗಿರಬೇಕು. ಕಾಲಿನ ಗೆರೆ ತೊಡೆಮೂಳೆಯ ಕುತ್ತಿಗೆಯನ್ನು ಓರೆಯಾಗಿ ದಾಟಿರಬೇಕು. ಕೈ ಮತ್ತು ತೊಡೆಯ ನಡುವೆ ಸ್ವಲ್ಪ ಜಾಗ ಕಾಣಬೇಕು. ಕೈ ತೊಡೆಗೆ ಅಂಟಿಕೊಂಡಿದ್ದರೆ ಕೈಯ ಒಂದಿಷ್ಟು ತೂಕ ಕಾಲಿನ ಲೆಕ್ಕಕ್ಕೆ ಹೋಗಿಬಿಡುತ್ತದೆ, ಆಗ ಮುಂದಿನ ಸಲ ಕೈ ಸರಿಯಾಗಿ ಇಟ್ಟರೆ "ಕಾಲಿನ ಸ್ನಾಯು ಕರಗಿತು, ಕೈಯ ಸ್ನಾಯು ಬೆಳೆಯಿತು" ಅನ್ನುವ ಸುಳ್ಳು ಸುದ್ದಿ ಸಿಗುತ್ತದೆ. ಭುಜ ಅಗಲ ಇರುವವರಲ್ಲಿ ಮೊಣಕೈ ಚಿತ್ರದ ಅಂಚಿನಿಂದ ಆಚೆ ಹೋಗಿರುವುದೂ ಉಂಟು. ದೇಹ ದೊಡ್ಡದಾಗಿದ್ದರೆ ಕೆಲವು ಕಡೆ ಅರ್ಧ ದೇಹ ಮಾತ್ರ ಸ್ಕ್ಯಾನ್ ಮಾಡಿ ಇನ್ನರ್ಧವೂ ಹಾಗೇ ಇದೆ ಅಂತ ಅಂದಾಜು ಮಾಡುತ್ತಾರೆ. ಆಗ ಎಡ ಬಲ ಹೋಲಿಸುವ ಮಾತೇ ಇಲ್ಲ.

ಇನ್ನೊಂದು ಸುಲಭದ ಪರೀಕ್ಷೆ: ಕೊಬ್ಬು, ಲೀನ್, ಮೂಳೆ ಮೂರನ್ನೂ ಕೂಡಿ. ಬಂದ ಮೊತ್ತವನ್ನು ಅದೇ ದಿನ ತಕ್ಕಡಿಯಲ್ಲಿ ನೋಡಿದ ತೂಕದ ಜೊತೆ ಹೋಲಿಸಿ. ಒಂದು ಕೆಜಿ ಆಸುಪಾಸು ವ್ಯತ್ಯಾಸ ಇದ್ದರೆ ಚಿಂತೆ ಬೇಡ. ಮೂರು ನಾಲ್ಕು ಕೆಜಿ ಕಡಿಮೆ ಇದ್ದರೆ ದೇಹದ ಯಾವುದೋ ಭಾಗ ಸ್ಕ್ಯಾನಿನಿಂದ ಹೊರಗೆ ಉಳಿದಿದೆ ಅಂತ ಅನುಮಾನಿಸಿ, ಚಿತ್ರಕ್ಕೆ ವಾಪಸ್ ಹೋಗಿ ನೋಡಿ. ದೇಹದೊಳಗೆ ಲೋಹದ ಕೀಲೋ ರಾಡೋ ಇದ್ದರೆ ಆ ಭಾಗದ ಅಂಕಿಗಳನ್ನು ನಂಬಬೇಡಿ.

ಯಂತ್ರ ಅಳೆಯುವುದು ಏನು

ಇದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸಲೀಸು. ಡೆಕ್ಸಾ ಯಂತ್ರ ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ರೇಗಳನ್ನು ದೇಹದ ಮೂಲಕ ಕಳಿಸುತ್ತದೆ. ಮೂಳೆ, ಕೊಬ್ಬು, ಉಳಿದ ಮೆತ್ತನೆಯ ಭಾಗ, ಇವು ಮೂರೂ ಆ ಎರಡು ಕಿರಣಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ತಡೆಯುತ್ತವೆ. ಒಂದೊಂದು ಚುಕ್ಕೆಯಲ್ಲೂ ಸಿಗುವುದು ಎರಡೇ ಅಳತೆ, ಹಾಗಾಗಿ ಬಿಡಿಸಬಹುದಾದದ್ದೂ ಎರಡೇ. ಮೂಳೆ ಇಲ್ಲದ ಕಡೆ ಕೊಬ್ಬು ಎಷ್ಟು, ಲೀನ್ ಎಷ್ಟು ಅಂತ ಬಿಡಿಸುತ್ತದೆ. ಮೂಳೆ ಇರುವ ಕಡೆ ಮೂಳೆ ಎಷ್ಟು, ಮೆತ್ತನೆಯ ಭಾಗ ಎಷ್ಟು ಅಂತ ಮಾತ್ರ ಬಿಡಿಸುತ್ತದೆ. ಆ ಮೆತ್ತನೆಯ ಭಾಗದಲ್ಲಿ ಕೊಬ್ಬಿನ ಪಾಲು ಎಷ್ಟು ಅನ್ನುವುದನ್ನು ಪಕ್ಕದ ಚುಕ್ಕೆಗಳನ್ನು ನೋಡಿ ಅಂದಾಜು ಮಾಡುತ್ತದೆ. ಪಕ್ಕೆಲುಬು, ಬೆನ್ನುಮೂಳೆ, ಸೊಂಟದ ಮೂಳೆ ತುಂಬಿರುವ ಮುಂಡದಲ್ಲಿ ಈ ಅಂದಾಜಿನ ಪಾಲು ಜಾಸ್ತಿ. ಇದನ್ನು ನೆನಪಿಟ್ಟುಕೊಳ್ಳಿ.

ಕೊಬ್ಬಿನ ಶೇಕಡಾ: ಒಂದೇ ರಿಪೋರ್ಟಿನಲ್ಲಿ ಎರಡು ಉತ್ತರ

ನಮ್ಮ ಉದಾಹರಣೆಯಲ್ಲಿ ಕೊಬ್ಬು 24.0 ಕೆಜಿ. ಇದನ್ನು ಮೂಳೆಯೂ ಸೇರಿದ ಒಟ್ಟು 78.0 ಕೆಜಿಯಿಂದ ಭಾಗಿಸಿದರೆ ಶೇ. 30.8. ಮೂಳೆ ಬಿಟ್ಟು ಕೊಬ್ಬು ಮತ್ತು ಲೀನ್ ಮಾತ್ರ ಕೂಡಿ, ಅಂದರೆ 75.2ರಿಂದ ಭಾಗಿಸಿದರೆ ಶೇ. 31.9. ಎರಡೂ ಸರಿಯೇ. ಕೆಲವು ರಿಪೋರ್ಟಿನಲ್ಲಿ ಎರಡೂ ಅಚ್ಚಾಗಿರುತ್ತವೆ, ಕೆಲವದರಲ್ಲಿ ಒಂದೇ ಇರುತ್ತದೆ. ಮೊದಲ ರಿಪೋರ್ಟಿನ ಒಂದನ್ನು ಎರಡನೇ ರಿಪೋರ್ಟಿನ ಇನ್ನೊಂದರ ಜೊತೆ ಹೋಲಿಸಿದರೆ ಏನೂ ಆಗದೆ ಶೇ. 1 ಕೊಬ್ಬು ಕರಗಿದ ಹಾಗೆ, ಇಲ್ಲವೇ ಬೆಳೆದ ಹಾಗೆ ಕಾಣುತ್ತದೆ. ಅದಕ್ಕೇ ನಾನು ಹೇಳುವುದು, ಶೇಕಡಾ ಬಿಡಿ, ಕೆಜಿ ನೋಡಿ. ಶೇಕಡಾ ಅನ್ನುವುದು ಕೊಬ್ಬು ಬದಲಾದರೂ ಬದಲಾಗುತ್ತದೆ, ಲೀನ್ ಬದಲಾದರೂ ಬದಲಾಗುತ್ತದೆ. ಯಾವುದರಿಂದ ಅಂತ ಅದು ಹೇಳುವುದಿಲ್ಲ.

ಬೇರೆಯವರ ಜೊತೆ ಹೋಲಿಸಬೇಕು ಅಂದರೆ ಎತ್ತರಕ್ಕೆ ತಕ್ಕ ಹಾಗೆ ಲೆಕ್ಕ ಹಾಕಿದ ಕೊಬ್ಬಿನ ಸೂಚ್ಯಂಕ ಇದೆ. ಕೊಬ್ಬಿನ ಕೆಜಿಯನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವುದು, ಅಷ್ಟೇ. 24.0 ÷ (1.70 × 1.70) = 8.3. ಲೀನ್ ಏರಿಳಿದರೂ ಇದು ಅಲುಗಾಡುವುದಿಲ್ಲ.

ಲೀನ್ ಮಾಸ್ ಅಂದರೆ ಬರೀ ಸ್ನಾಯು ಅಲ್ಲ

ಇಲ್ಲೇ ಜಾಸ್ತಿ ಜನ ಎಡವುವುದು. ಕೊಬ್ಬೂ ಅಲ್ಲದ, ಮೂಳೆಯ ಖನಿಜವೂ ಅಲ್ಲದ ಎಲ್ಲವನ್ನೂ ಯಂತ್ರ ಲೀನ್ ಖಾತೆಗೆ ಹಾಕುತ್ತದೆ. ಸ್ನಾಯು ಅದರಲ್ಲಿ ಒಂದು ಪಾಲು. ಯಕೃತ್ತು, ಮೂತ್ರಪಿಂಡ, ರಕ್ತ, ಚರ್ಮ, ದೇಹದ ನೀರು, ಮೂತ್ರಕೋಶದಲ್ಲಿ ನಿಂತ ಮೂತ್ರ ಎಲ್ಲವೂ ಅಲ್ಲೇ. ಬೆಳಿಗ್ಗೆ ತಿಂದ ತಿಂಡಿಯೂ ಬಹುಪಾಲು ಅಲ್ಲೇ. ಸ್ಕ್ಯಾನಿಗೆ ಸ್ವಲ್ಪ ಮೊದಲು ಅರ್ಧ ಲೀಟರ್ ನೀರು ಕುಡಿದರೆ ಹತ್ತಿರ ಹತ್ತಿರ ಅರ್ಧ ಕೆಜಿ ಲೀನ್ ಹೆಚ್ಚುತ್ತದೆ. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯ ರೂಪವಾದ ಗ್ಲೈಕೋಜನ್ ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಮ್ ನೀರು ಹಿಡಿದುಕೊಳ್ಳುತ್ತದೆ, ಹಾಗಾಗಿ ಕೆಲವು ದಿನ ಕಾರ್ಬ್ ಕಡಿಮೆ ತಿಂದು ಸ್ಕ್ಯಾನಿಗೆ ಹೋದರೆ ಲೀನ್ ಇಳಿದಿರುತ್ತದೆ. ವ್ಯಾಯಾಮ ಮಾಡುವವರು ತೆಗೆದುಕೊಳ್ಳುವ ಕ್ರಿಯಾಟಿನ್ ಪುಡಿ ಶುರು ಮಾಡಿದ್ದರೆ ಏರಿರುತ್ತದೆ. ಕಾಲಿನಲ್ಲಿ ನೀರು ತುಂಬಿ ಊದಿಕೊಂಡಿದ್ದರೆ ಅದೂ ಲೀನ್ ಆಗಿಯೇ ಕಾಣುತ್ತದೆ, ಕಾಯಿಲೆ ಇರುವ ವಯಸ್ಸಾದವರ ರಿಪೋರ್ಟ್ ಓದುವಾಗ ಇದನ್ನು ಮರೆಯಲೇಬಾರದು.

ಇನ್ನೊಂದು ವಿಷಯ ಇದೆ, ಇದನ್ನು ಹೇಳುವವರು ಕಡಿಮೆ. ದೇಹದಲ್ಲಿ ಕೊಬ್ಬು ಇರುವುದು ಜೀವಕೋಶಗಳ ಒಳಗೆ. ಆ ಅಂಗಾಂಶ ಪೂರ್ತಿ ಕೊಬ್ಬೇ ಅಲ್ಲ. ಅದರ ತೂಕದಲ್ಲಿ ಸುಮಾರು ಶೇ. 15ರಷ್ಟು ನೀರು ಮತ್ತು ಪ್ರೋಟೀನ್. ಯಂತ್ರ ಅದನ್ನೂ ಲೀನ್ ಅಂತಲೇ ಎಣಿಸುತ್ತದೆ. ಹಾಗಾಗಿ ಕೊಬ್ಬು ಕರಗಿದಾಗ ಅದರ ಜೊತೆ ಒಂದಿಷ್ಟು ಲೀನ್ ಹೋಗಲೇಬೇಕು, ಸ್ನಾಯು ಒಂದು ಗ್ರಾಮೂ ಹೋಗದಿದ್ದರೂ ಸಹ. ನಮ್ಮ ಉದಾಹರಣೆಯಲ್ಲಿ 3.4 ಕೆಜಿ ಕೊಬ್ಬು ಹೋಗಿದೆ. ಅಂದರೆ ಸುಮಾರು 4.0 ಕೆಜಿ ಕೊಬ್ಬಿನ ಅಂಗಾಂಶ ಹೋಗಿದೆ. ಅದರಲ್ಲಿ 0.6 ಕೆಜಿ ಲೀನ್ ಖಾತೆಯಿಂದ ಕಳೆದದ್ದು. ಹೋದದ್ದು ಒಟ್ಟು 1.0 ಕೆಜಿ ಲೀನ್ ತಾನೇ? ಅರ್ಧಕ್ಕಿಂತ ಜಾಸ್ತಿಗೆ ಇಲ್ಲೇ ಲೆಕ್ಕ ಸಿಕ್ಕಿತು.

ಭಾಗವಾರು ಪಟ್ಟಿ: ಉತ್ತರ ಇರುವುದು ಇಲ್ಲಿ

ಈಗ ಕೈ, ಕಾಲು, ಮುಂಡದ ಪಟ್ಟಿ ತೆಗೆಯಿರಿ. ಮೊದಲ ಸ್ಕ್ಯಾನಿನಲ್ಲಿ ಲೀನ್ ಹೀಗಿತ್ತು: ಎರಡು ಕೈ ಸೇರಿ 5.8, ಎರಡು ಕಾಲು ಸೇರಿ 17.0, ಮುಂಡ 25.0, ತಲೆ 3.4. ಎರಡನೇ ಸ್ಕ್ಯಾನಿನಲ್ಲಿ ಕೈ 5.8, ಕಾಲು 16.9, ಮುಂಡ 24.1, ತಲೆ 3.4. ನೋಡಿದಿರಲ್ವಾ, ಕಳೆದ ಒಂದು ಕೆಜಿಯಲ್ಲಿ 0.9 ಕೆಜಿ ಮುಂಡದ್ದು. ಕೈಕಾಲು ಇದ್ದ ಹಾಗೇ ಇವೆ.

ಇದು ಯಾಕೆ ಮುಖ್ಯ ಅಂದರೆ ಕೈಕಾಲಿನ ಲೀನಿನಲ್ಲಿ ಸ್ನಾಯುವಿನ ಪಾಲೇ ಹೆಚ್ಚು. ಅಲ್ಲಿ ಹೊಟ್ಟೆ, ಕರುಳು, ಯಕೃತ್ತು ಇಲ್ಲ. ಸ್ನಾಯು ಹೋಗಿದ್ದರೆ ಕೈಕಾಲಿನಲ್ಲಿ, ಅದರಲ್ಲೂ ಕಾಲಿನಲ್ಲಿ ಕಾಣಲೇಬೇಕು. ಮುಂಡದಲ್ಲಿ ಮಾತ್ರ ಕಂಡರೆ ಊಟ ಕಡಿಮೆಯಾಗಿ ಕರುಳಿನಲ್ಲಿ ಇರುವ ಪದಾರ್ಥ ಕಡಿಮೆಯಾದದ್ದು, ನೀರು, ಮೇಲೆ ಹೇಳಿದ ಕೊಬ್ಬಿನ ಅಂಗಾಂಶದ ಪಾಲು, ಇವುಗಳನ್ನು ಮೊದಲು ಅನುಮಾನಿಸಬೇಕು. ಕೊಬ್ಬಿನ ಪಟ್ಟಿಯೂ ಇದನ್ನೇ ಹೇಳುತ್ತದೆ. ಮುಂಡದ ಕೊಬ್ಬು 14.0ದಿಂದ 11.6ಕ್ಕೆ ಇಳಿದಿದೆ, ಕಾಲಿನದು 6.6ರಿಂದ 5.9ಕ್ಕೆ, ಕೈಯದು 2.4ರಿಂದ 2.1ಕ್ಕೆ. ಅತಿ ಹೆಚ್ಚು ಕೊಬ್ಬು ಹೋದ ಮುಂಡದಲ್ಲೇ ಲೀನ್ ಕೂಡ ಹೋಗಿದೆ.

ಕೈಕಾಲಿನ ಲೀನ್ ಕೂಡಿದರೆ ಮೊದಲು 22.8, ಆಮೇಲೆ 22.7. ಎತ್ತರದ ವರ್ಗದಿಂದ ಭಾಗಿಸಿದರೆ 7.89 ಮತ್ತು 7.85. ವಯಸ್ಸಾದವರಲ್ಲಿ ಸ್ನಾಯು ಸವೆತ ಗುರುತಿಸಲು ವೈದ್ಯರು ನೋಡುವ ಸೂಚ್ಯಂಕ ಇದೇ. ಸಾರ್ಕೋಪೀನಿಯಾ ಅನ್ನುವ ಈ ಸ್ನಾಯು ಸವೆತದ ಬಗ್ಗೆ ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಗಡಿ ಗಂಡಸರಿಗೆ 7.0, ಹೆಂಗಸರಿಗೆ 5.4. ಅದಕ್ಕಿಂತ ಕೆಳಗಿದ್ದರೆ ಸ್ನಾಯು ಕಡಿಮೆ ಅಂತ ಲೆಕ್ಕ. ಆದರೂ ಅಷ್ಟಕ್ಕೇ ಕಾಯಿಲೆ ಅನ್ನುವುದಿಲ್ಲ, ಹಿಡಿತದ ಬಲವನ್ನೋ ನಡಿಗೆಯ ವೇಗವನ್ನೋ ಪರೀಕ್ಷಿಸಿಯೇ ಹೇಳುತ್ತಾರೆ. ಲೆಕ್ಕ ಹಾಕುವಾಗ ಒಂದು ಎಚ್ಚರ: ಕೆಲವು ರಿಪೋರ್ಟಿನಲ್ಲಿ `Lean + BMC` ಅನ್ನುವ ಕಾಲಂ ಇರುತ್ತದೆ. ಅದರಲ್ಲಿ ಮೂಳೆಯ ಖನಿಜವೂ ಸೇರಿದೆ. ಅದನ್ನು ಹಿಡಿದು ಕೂಡಿದರೆ ಸ್ನಾಯು ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

ಎಡ ಬಲ ವ್ಯತ್ಯಾಸದ ಬಗ್ಗೆ ತಲೆ ಕೆಡಿಸಿಕೊಳ್ಳುವವರು ತುಂಬಾ ಜನ. ಬಲಗೈ 3.0, ಎಡಗೈ 2.8 ಇದ್ದರೆ ಅದು ಏನೂ ಅಲ್ಲ. ಬಳಸುವ ಕೈ ಸ್ವಲ್ಪ ದಪ್ಪ ಇರುವುದು ಸಹಜ, ಮಲಗಿದ ಭಂಗಿ ಚೂರು ವಾಲಿದ್ದರೂ ಅಷ್ಟು ವ್ಯತ್ಯಾಸ ಬರುತ್ತದೆ. ಮಂಡಿ ಆಪರೇಷನ್ ಆದ ಕಾಲಿನ ಹಾಗೆ ಕಾರಣ ಇರುವ ಕಡೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ.

ಇನ್ನು `Android` ಮತ್ತು `Gynoid` ಅಂತ ಎರಡು ಸಾಲು ಕಾಣುತ್ತವೆ. ಮೊದಲನೆಯದು ಹೊಟ್ಟೆಯ ಸುತ್ತಿನ ಪಟ್ಟಿ, ಎರಡನೆಯದು ಸೊಂಟದ ಕೆಳಗೆ ತೊಡೆಯ ಮೇಲ್ಭಾಗದವರೆಗಿನ ಪಟ್ಟಿ. ಎರಡರ ಕೊಬ್ಬಿನ ಶೇಕಡಾ ಭಾಗಿಸಿ ಅನುಪಾತ ಕೊಡುತ್ತಾರೆ. ಅದು 1 ದಾಟಿದ್ದರೆ ತೊಡೆಗಿಂತ ಹೊಟ್ಟೆಯಲ್ಲಿ ಕೊಬ್ಬಿನ ಪಾಲು ಜಾಸ್ತಿ ಅಂತ ಅರ್ಥ. ಕರುಳು ಯಕೃತ್ತಿನ ಸುತ್ತ ಒಳಗೆ ಕೂರುವ ಕೊಬ್ಬಿಗೆ `VAT` ಅಂತ ಬೇರೆ ಅಂಕಿ ಇರಬಹುದು. ಇದನ್ನು ಯಂತ್ರ ನೇರವಾಗಿ ನೋಡಿರುವುದಿಲ್ಲ. ಹೊಟ್ಟೆಯ ಒಟ್ಟು ಕೊಬ್ಬಿನಿಂದ ಚರ್ಮದಡಿಯ ಕೊಬ್ಬನ್ನು ಅಂದಾಜು ಮಾಡಿ ಕಳೆದಿರುತ್ತದೆ. ಹಾಗಾಗಿ ಈ ಅಂಕಿಯನ್ನು ಅದೇ ಯಂತ್ರದ ಹಿಂದಿನ ಅಂಕಿಯ ಜೊತೆ ಮಾತ್ರ ಹೋಲಿಸಿ.

ಎಷ್ಟು ಬದಲಾದರೆ ನಿಜವಾದ ಬದಲಾವಣೆ

ಒಬ್ಬರನ್ನೇ ಸ್ಕ್ಯಾನ್ ಮಾಡಿ, ಎಬ್ಬಿಸಿ, ಮತ್ತೆ ಮಲಗಿಸಿ ಸ್ಕ್ಯಾನ್ ಮಾಡಿದರೂ ಅಂಕಿ ಅಷ್ಟೇ ಬರುವುದಿಲ್ಲ. ಒಳ್ಳೆಯ ಸೆಂಟರ್‌ನವರು ತಮ್ಮಲ್ಲೇ 30 ಜನರನ್ನು ಎರಡೆರಡು ಸಲ, ಇಲ್ಲವೇ 15 ಜನರನ್ನು ಮೂರು ಮೂರು ಸಲ ಸ್ಕ್ಯಾನ್ ಮಾಡಿ ಈ ವ್ಯತ್ಯಾಸ ಎಷ್ಟು ಅಂತ ಲೆಕ್ಕ ಹಾಕಿಟ್ಟಿರುತ್ತಾರೆ. ಅದನ್ನು 2.77ರಿಂದ ಗುಣಿಸಿದರೆ ಸಿಗುವುದು `LSC`. ಬದಲಾವಣೆ ಅದಕ್ಕಿಂತ ದೊಡ್ಡದಿದ್ದರೆ ಮಾತ್ರ ನಿಜ ಅಂತ ಶೇ. 95ರಷ್ಟು ಭರವಸೆಯಿಂದ ಹೇಳಬಹುದು.

ಸೆಂಟರಿನ ವ್ಯತ್ಯಾಸ ಲೀನಿಗೆ ಶೇ. 1, ಕೊಬ್ಬಿಗೆ ಶೇ. 1.5 ಅಂದುಕೊಳ್ಳಿ. ಲೀನಿಗೆ 2.77 × 1 = ಶೇ. 2.77, ಅಂದರೆ 51.2 ಕೆಜಿಯಲ್ಲಿ ಸುಮಾರು 1.4 ಕೆಜಿ. ಕೊಬ್ಬಿಗೆ ಸುಮಾರು ಶೇ. 4.2, ಅಂದರೆ 24.0 ಕೆಜಿಯಲ್ಲಿ 1.0 ಕೆಜಿ. ಕೊಬ್ಬು ಇಳಿದದ್ದು 3.4 ಕೆಜಿ, ಅದು ನಿಜ, ಅನುಮಾನವೇ ಬೇಡ. ಲೀನ್ ಇಳಿದದ್ದು 1.0 ಕೆಜಿ, ಗಡಿಯ ಒಳಗೇ ಇದೆ. ಜೊತೆಗೆ ಕೈಕಾಲಿನಲ್ಲಿ ಏನೂ ಬದಲಾಗಿಲ್ಲ, ಕೊಬ್ಬಿನ ಅಂಗಾಂಶದ್ದೇ 0.6 ಕೆಜಿ ಇದೆ. ಈ ಮನುಷ್ಯ ಸ್ನಾಯು ಕಳೆದುಕೊಂಡಿದ್ದಾರೆ ಅನ್ನಲು ರಿಪೋರ್ಟಿನಲ್ಲಿ ಆಧಾರ ಇಲ್ಲ. ವ್ಯಾಯಾಮವನ್ನೋ ಊಟವನ್ನೋ ಬದಲಾಯಿಸುವ ಅಗತ್ಯವೂ ಇದರಿಂದ ಬರುವುದಿಲ್ಲ.

ಇದೇ ಒಂದು ಕೆಜಿ ಪೂರ್ತಿ ಕಾಲಿನಿಂದ ಹೋಗಿದ್ದರೆ ನನ್ನ ಮಾತು ಬೇರೆ ಇರುತ್ತಿತ್ತು. 17.0ರಲ್ಲಿ 1.0 ಅಂದರೆ ಶೇ. 6ರ ಹತ್ತಿರ. ಭಾಗಗಳ ಅಳತೆಯಲ್ಲಿ ವ್ಯತ್ಯಾಸ ಇಡೀ ದೇಹದ್ದಕ್ಕಿಂತ ಜಾಸ್ತಿ ಇರುತ್ತದೆ, ನಿಜ. ಆದರೂ ಅಷ್ಟು ದೊಡ್ಡ ಇಳಿತವನ್ನು ಸುಮ್ನೆ ಬಿಡುವ ಹಾಗಿಲ್ಲ. ಮೊದಲು ಎರಡೂ ಚಿತ್ರದಲ್ಲಿ ಕಾಲಿನ ಗೆರೆ ಒಂದೇ ಕಡೆ ಇದೆಯಾ ನೋಡಬೇಕು. ಇದ್ದರೆ ಪ್ರೋಟೀನ್ ಮತ್ತು ಕಾಲಿನ ವ್ಯಾಯಾಮದ ಕಡೆ ಗಮನ ಕೊಡಬೇಕು.

ಮೂಳೆ: ಇಡೀ ದೇಹದ ರಿಪೋರ್ಟ್ ಸಾಲದು

ದೇಹದ ಕೊಬ್ಬು, ಲೀನ್ ನೋಡಲು ಮಾಡಿಸಿದ ಸ್ಕ್ಯಾನಿನಲ್ಲೂ ಮೂಳೆ ಸಾಂದ್ರತೆ ಮತ್ತು ಟಿ-ಸ್ಕೋರ್ ಅಚ್ಚಾಗಿರುತ್ತದೆ. ಅದನ್ನು ನೋಡಿ ಮೂಳೆ ಗಟ್ಟಿ ಇದೆ ಅಂತ ನಿರಾಳ ಆಗಬೇಡಿ. ದೊಡ್ಡವರಲ್ಲಿ ಮೂಳೆ ಸವೆತ ಪತ್ತೆ ಮಾಡುವುದು ಸೊಂಟದ ಬಳಿಯ ಬೆನ್ನುಮೂಳೆ ಮತ್ತು ತೊಡೆಮೂಳೆಯ ಮೇಲ್ಭಾಗವನ್ನು ಬೇರೆಯಾಗಿ ಸ್ಕ್ಯಾನ್ ಮಾಡಿ. ಟಿ-ಸ್ಕೋರ್ ನಿಮ್ಮ ಮೂಳೆಯನ್ನು ಆರೋಗ್ಯವಂತ ಯುವ ವಯಸ್ಕರ ಮೂಳೆಯ ಜೊತೆ ಹೋಲಿಸುತ್ತದೆ, ಝಡ್-ಸ್ಕೋರ್ ನಿಮ್ಮದೇ ವಯಸ್ಸಿನವರ ಜೊತೆ. ಟಿ-ಸ್ಕೋರ್ -1 ಅಥವಾ ಅದಕ್ಕಿಂತ ಮೇಲಿದ್ದರೆ ಸರಿ, -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ನಡುವಿನದು ಮೂಳೆ ತೆಳುವಾಗುತ್ತಿರುವ ಹಂತ. ಈ ಅಳತೆಗೋಲು ಮುಟ್ಟು ನಿಂತ ಹೆಂಗಸರಿಗೆ ಮತ್ತು 50 ದಾಟಿದ ಗಂಡಸರಿಗೆ. ನಮ್ಮ 42 ವರ್ಷದವರಿಗೆ ನೋಡಬೇಕಾದದ್ದು ಝಡ್-ಸ್ಕೋರ್. ಅದು -2 ಅಥವಾ ಅದಕ್ಕಿಂತ ಕೆಳಗಿದ್ದರೆ ವಯಸ್ಸಿಗೆ ತಕ್ಕಷ್ಟು ಇಲ್ಲ ಅಂತ ಲೆಕ್ಕ.

ಒಟ್ಟು ಅಂಕಿ ಹೇಗೆ ಮೋಸ ಮಾಡುತ್ತದೆ ಅನ್ನುವುದಕ್ಕೆ 61 ವರ್ಷದ ಒಬ್ಬ ಹೆಂಗಸಿನ ಉದಾಹರಣೆ ತೆಗೆದುಕೊಳ್ಳಿ. ಬೆನ್ನಿನ ಒಟ್ಟು ಟಿ-ಸ್ಕೋರ್ -1.5. ಪರವಾಗಿಲ್ಲ ಅನಿಸುತ್ತದೆ. ಆದರೆ ಮಣಿ ಮಣಿ ಬಿಡಿಸಿ ನೋಡಿದರೆ `L1` -2.6, `L2` -2.4, `L3` -0.9, `L4` -0.3. ಕೆಳಗಿನ ಎರಡು ಮಣಿ ಇದ್ದಕ್ಕಿದ್ದಂತೆ ಇಷ್ಟು ಗಟ್ಟಿ ಆಗುವುದು ಹೇಗೆ? ವಯಸ್ಸಿನ ಜೊತೆ ಬೆಳೆದ ಮೂಳೆಮುಳ್ಳುಗಳು, ಸಂದುಗಳಲ್ಲಿ ಸೇರಿದ ಸುಣ್ಣ, ಇವನ್ನೆಲ್ಲ ಯಂತ್ರ ಮೂಳೆ ಅಂತಲೇ ಎಣಿಸುತ್ತದೆ. ಕುಸಿದ ಮಣಿಯೂ ಹೀಗೇ ಗಟ್ಟಿ ಕಾಣುತ್ತದೆ. ಪಕ್ಕದ ಮಣಿಗಿಂತ ಟಿ-ಸ್ಕೋರ್ 1ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆ ಮಣಿಯನ್ನು ಲೆಕ್ಕದಿಂದ ಬಿಡಬೇಕಾಗಬಹುದು. ಇಲ್ಲಿ `L3`, `L4` ಬಿಟ್ಟರೆ ಉಳಿದ ಎರಡರದು -2.5ರ ಸುತ್ತ. ತೊಡೆಮೂಳೆಯ ಕುತ್ತಿಗೆಯಲ್ಲಿ -2.6 ಬಂದಿದ್ದರೆ ಚಿತ್ರ ಪೂರ್ತಿಯಾಯಿತು, ಯಾಕೆಂದರೆ ತೀರ್ಮಾನ ಆಗುವುದು ಅತಿ ಕಡಿಮೆ ಇರುವ ಜಾಗದ ಮೇಲೆ, ಸರಾಸರಿಯ ಮೇಲೆ ಅಲ್ಲ. ಇಂಥ ರಿಪೋರ್ಟ್ ಕೈಯಲ್ಲಿದ್ದರೆ "ಮಣಿಗಳ ನಡುವೆ ಇಷ್ಟು ವ್ಯತ್ಯಾಸ ಯಾಕೆ?" ಅಂತ ವೈದ್ಯರನ್ನು ಕೇಳಿಯೇ ಬನ್ನಿ.

ಮುಂದಿನ ಸಲ ಮಾಡಿಸುವಾಗ

ಅದೇ ಸೆಂಟರ್, ಅದೇ ಯಂತ್ರ. ಬೇರೆ ಕಂಪನಿಯ ಯಂತ್ರದ ಅಂಕಿಗಳನ್ನು ನೇರವಾಗಿ ಹೋಲಿಸಲು ಬರುವುದಿಲ್ಲ, ಕಂಪನಿ ಒಂದೇ ಆಗಿದ್ದರೂ ಯಂತ್ರ ಬದಲಾದರೆ ಅಂಕಿ ಕದಲುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಮೂತ್ರ ಮಾಡಿ ಬಂದು, ಹಿಂದಿನ ದಿನ ಜೋರು ವ್ಯಾಯಾಮ ಮಾಡದೆ ಹೋಗಿ. ಮೊದಲ ಸಲ ಹೊಟ್ಟೆ ತುಂಬಾ ತಿಂದು ಹೋಗಿದ್ದರೆ ಎರಡನೇ ಸಲದ ಹೋಲಿಕೆಯಲ್ಲಿ ಅದನ್ನು ನೆನಪಿಟ್ಟುಕೊಳ್ಳಿ. ಲೋಹದ ಗುಂಡಿ, ಜಿಪ್ ಇಲ್ಲದ ಬಟ್ಟೆ ಹಾಕಿ. ಕ್ರಿಯಾಟಿನ್ ಶುರು ಮಾಡಿದ್ದೀರಾ, ನಿಲ್ಲಿಸಿದ್ದೀರಾ, ರಿಪೋರ್ಟಿನ ಮೇಲೇ ಬರೆದಿಡಿ. ವಿಕಿರಣ ತೀರಾ ಕಡಿಮೆ, ಇಡೀ ದೇಹದ ಒಂದು ಸ್ಕ್ಯಾನಿನದು ಹೆಚ್ಚುಕಡಿಮೆ ನಮಗೆ ಒಂದು ದಿನದಲ್ಲಿ ಪ್ರಕೃತಿಯಿಂದಲೇ ಬೀಳುವಷ್ಟು. ಆದರೂ ಗರ್ಭಿಣಿ ಆಗಿದ್ದರೆ, ಆಗಿರಬಹುದು ಅನ್ನುವ ಅನುಮಾನ ಇದ್ದರೆ ಮೊದಲೇ ಹೇಳಬೇಕು. ಇತ್ತೀಚೆಗೆ ಬೇರಿಯಂ ಅಥವಾ ಕಾಂಟ್ರಾಸ್ಟ್ ಕೊಟ್ಟು ಬೇರೆ ಸ್ಕ್ಯಾನ್ ಮಾಡಿಸಿದ್ದರೂ ಹೇಳಿ, ದಿನಾಂಕ ಮುಂದಕ್ಕೆ ಹಾಕುತ್ತಾರೆ.

ತಿಂಗಳಿಗೊಂದು ಸ್ಕ್ಯಾನ್ ಮಾಡಿಸಿದರೆ ಪ್ರಯೋಜನ ಇಲ್ಲ. ಒಂದು ತಿಂಗಳಲ್ಲಿ ಸ್ನಾಯುವಿನಲ್ಲಿ ಆಗುವ ಬದಲಾವಣೆ ಸಾಮಾನ್ಯವಾಗಿ `LSC` ಒಳಗೇ ಮುಳುಗಿಹೋಗುತ್ತದೆ. ನಾಲ್ಕರಿಂದ ಆರು ತಿಂಗಳ ಅಂತರ ಇಟ್ಟುಕೊಳ್ಳಿ, ಮೂಳೆಗೆ ಅದಕ್ಕಿಂತಲೂ ಜಾಸ್ತಿ, ಎಷ್ಟು ಅಂತ ವೈದ್ಯರು ಹೇಳುತ್ತಾರೆ. ಸ್ಕ್ಯಾನಿಗೆ ಹೆಸರು ಬರೆಸುವಾಗಲೇ ಒಂದು ಮಾತು ಕೇಳಿ: ನಿಮ್ಮ ಸೆಂಟರಿನ `LSC` ಲೀನಿಗೆ ಎಷ್ಟು, ಕೊಬ್ಬಿಗೆ ಎಷ್ಟು, ಬೆನ್ನುಮೂಳೆಗೆ ಎಷ್ಟು? ಅಂಕಿ ಕೊಟ್ಟರೆ ರಿಪೋರ್ಟಿನ ಮೂಲೆಯಲ್ಲಿ ಬರೆದುಕೊಳ್ಳಿ. ಅವರಿಗೇ ಗೊತ್ತಿಲ್ಲದಿದ್ದರೆ, ಬೇರೆ ಸೆಂಟರ್ ಹುಡುಕುವುದು ಒಳ್ಳೆಯದು.